ಶೇಕಡಾ ನೂರನ್ನು ದಾಟುವ ವೀಕ್ಷಣೆ: ಕಿರುವಿಡಿಯೋಗಳ ಲೂಪ್ ಲೆಕ್ಕವನ್ನು ಓದುವ ಕ್ರಮ

ಎಂಟು ಸೆಕೆಂಡಿನ ಒಂದು ಶಾರ್ಟ್ಸ್ ವಿಡಿಯೋ ಹಾಕಿ, ಮರುದಿನ ಯೂಟ್ಯೂಬ್ ಸ್ಟುಡಿಯೋ ತೆರೆದಾಗ Average percentage viewed ಎಂಬುದರ ಎದುರು 112% ಎಂದು ಕಂಡರೆ, ನೋಡಿದವರ ಮನಸ್ಸಿನಲ್ಲಿ ಮೊದಲು ಏಳುವುದು ಎರಡರಲ್ಲಿ ಒಂದು ಮಾತು: ಲೆಕ್ಕದಲ್ಲಿ ಏನೋ ತಪ್ಪಾಗಿದೆ ಎಂಬ ಅನುಮಾನ, ಇಲ್ಲವೇ ಬಂದವರೆಲ್ಲರೂ ಕೊನೆಯವರೆಗೆ ನೋಡಿದ್ದಾರೆ ಎಂಬ ಸಂತೋಷ. ಎರಡೂ ಸರಿಯಲ್ಲ. ಲೆಕ್ಕ ಸರಿಯಾಗಿಯೇ ಇದ್ದು, ಅರ್ಧಕ್ಕಿಂತ ಹೆಚ್ಚು ಮಂದಿ ವಿಡಿಯೋದ ಕೊನೆಯನ್ನು ಕಾಣದೆ ಹೋಗಿದ್ದರೂ ಈ ಅಂಕಿ 112 ಆಗಬಲ್ಲದು. ಅದು ಹೇಗೆ ಸಾಧ್ಯ, ನಿಮ್ಮ ವಿಡಿಯೋದಲ್ಲಿ ನಿಜಕ್ಕೂ ನಡೆದಿರುವುದೇನು ಎಂಬುದನ್ನು ಕಂಡುಕೊಳ್ಳುವ ಕ್ರಮವನ್ನು ಇಲ್ಲಿ ಒಂದೇ ಉದಾಹರಣೆ ಹಿಡಿದು ವಿವರಿಸಲಾಗಿದೆ.

## ನೂರು ಎಂಬುದು ಏಕೆ ಗರಿಷ್ಠ ಮಿತಿಯಲ್ಲ

ಪರೀಕ್ಷೆಯ ಅಂಕಗಳಿಗೆ ನೂರು ಮೇಲಿನ ಮಿತಿ. ಆ ಅಭ್ಯಾಸದಿಂದ ಇಲ್ಲಿಯೂ ನೂರನ್ನು ಮಿತಿಯೆಂದೇ ಭಾವಿಸುತ್ತೇವೆ. ಆದರೆ ಈ ಶೇಕಡಾವಾರು ಹುಟ್ಟುವ ಬಗೆ ಬೇರೆ.

```
ಶೇಕಡಾವಾರು = ಒಟ್ಟು ವೀಕ್ಷಣಾ ಸಮಯ ÷ (ವ್ಯೂ ಸಂಖ್ಯೆ × ವಿಡಿಯೋ ಉದ್ದ) × 100
```

ಇದರಲ್ಲಿನ ಒಟ್ಟು ಸಮಯದಲ್ಲಿ ಮರುಸುತ್ತಿನ ಸಮಯವೂ ಸೇರುತ್ತದೆ. ಭಾಗಿಸುವ ಕಡೆಯಿರುವ ಉದ್ದ ಮಾತ್ರ ಒಂದೇ ಸುತ್ತಿನದು. ಒಬ್ಬರು ಎಂಟು ಸೆಕೆಂಡಿನ ವಿಡಿಯೋವನ್ನು ಎರಡು ಸಲ ನೋಡಿದರೆ ಆ ಒಂದು ವ್ಯೂನಿಂದ ಹದಿನಾರು ಸೆಕೆಂಡು ಬಂದು 200% ಆಗುತ್ತದೆ. ಆದ್ದರಿಂದ 112% ಎಂದರೆ ಸರಾಸರಿಯಲ್ಲಿ ಒಂದು ವ್ಯೂಗೆ 1.12 ಸುತ್ತು ಎಂದಷ್ಟೇ ಓದಬೇಕು. ‘ಶೇಕಡಾ’ ಎಂಬ ಪದವನ್ನು ಮರೆತು ‘ಸುತ್ತು’ ಎಂದು ಓದಿಕೊಂಡರೆ ಅರ್ಧ ಗೊಂದಲ ಅಲ್ಲಿಯೇ ಕಳೆಯುತ್ತದೆ.

ಉದ್ದದ ವಿಡಿಯೋ ಮುಗಿದಾಗ ತಾನಾಗಿ ನಿಲ್ಲುತ್ತದೆ. ಮತ್ತೆ ನೋಡಬೇಕಾದರೆ ವೀಕ್ಷಕರು ಬೆರಳಾಡಿಸಬೇಕು. ಕಿರುವಿಡಿಯೋ ಫೀಡ್‌ನಲ್ಲಿ ಇದು ತಲೆಕೆಳಗು: ವಿಡಿಯೋ ಮುಗಿದ ಕ್ಷಣವೇ ಮೊದಲಿನಿಂದ ಶುರುವಾಗುತ್ತದೆ, ಬೆರಳಾಡಿಸಬೇಕಾದದ್ದು ಹೊರಡಲು. ಮುಗಿಯಿತು ಎಂದು ಮನಸ್ಸಿಗೆ ತಿಳಿದು, ಬೆರಳು ಮೇಲಕ್ಕೆ ಸರಿಯುವಷ್ಟರಲ್ಲಿ ಒಂದು ಸೆಕೆಂಡಾದರೂ ಕಳೆದಿರುತ್ತದೆ. ಆ ಒಂದು ಸೆಕೆಂಡು ಎಂಟು ಸೆಕೆಂಡಿನ ವಿಡಿಯೋದಲ್ಲಿ 12.5%, ನಲವತ್ತು ಸೆಕೆಂಡಿನ ವಿಡಿಯೋದಲ್ಲಿ ಬರೀ 2.5%. ವಿಡಿಯೋ ಚಿಕ್ಕದಾದಷ್ಟೂ ನೂರನ್ನು ದಾಟುವುದು ಸುಲಭವಾಗುವುದಕ್ಕೆ ಇದು ಸರಳವಾದ ಕಾರಣ. ಇದರಲ್ಲಿ ವಿಡಿಯೋದ ಗುಣದ ಪಾತ್ರ ಏನೂ ಇಲ್ಲ. ಈ ಹೆಚ್ಚುವರಿ ಸೆಕೆಂಡನ್ನು ಮುಂದೆ ‘ಚೆಲ್ಲಿದ ಸೆಕೆಂಡು’ ಎಂದು ಕರೆಯುತ್ತೇನೆ.

## ಒಂದು ಸಾವಿರ ವ್ಯೂಗಳನ್ನು ಬಿಡಿಸಿ ನೋಡುವುದು

ಹಗ್ಗಕ್ಕೆ ಗಂಟು ಹಾಕುವುದನ್ನು ತೋರಿಸುವ ಎಂಟು ಸೆಕೆಂಡಿನ ವಿಡಿಯೋ ಇದೆ ಎಂದುಕೊಳ್ಳಿ. ಅದು ಒಂದು ಸಾವಿರ ಮಂದಿಯ ಫೀಡ್‌ನಲ್ಲಿ ಒಮ್ಮೊಮ್ಮೆ ಕಾಣಿಸಿಕೊಂಡಿದೆ. ಕೆಳಗಿನ ಹಂಚಿಕೆ ಲೆಕ್ಕಕ್ಕಾಗಿ ನಾನು ಕಟ್ಟಿಕೊಂಡದ್ದು. ಲೆಕ್ಕದ ದಾರಿ ಮಾತ್ರ ಎಲ್ಲ ವಿಡಿಯೋಗಳಿಗೂ ಹೊಂದುತ್ತದೆ.

| ಮಂದಿ | ಬಿಟ್ಟು ಹೋದದ್ದು | ಒಟ್ಟು ಸೆಕೆಂಡು |
|---|---|---|
| 300 | 2ನೇ ಸೆಕೆಂಡಿಗೆ | 600 |
| 250 | 6ನೇ ಸೆಕೆಂಡಿಗೆ | 1500 |
| 250 | ಒಂದು ಸುತ್ತು ಮುಗಿಸಿ, 9ಕ್ಕೆ | 2250 |
| 150 | ಎರಡು ಸುತ್ತು ಮುಗಿಸಿ, 17ಕ್ಕೆ | 2550 |
| 50 | ಐದು ಸುತ್ತು ಮುಗಿಸಿ, 41ಕ್ಕೆ | 2050 |

ಒಟ್ಟು 8950 ಸೆಕೆಂಡು. ಸಾವಿರದಿಂದ ಭಾಗಿಸಿದರೆ ಸರಾಸರಿ 8.95 ಸೆಕೆಂಡು, ಅಂದರೆ ಸುಮಾರು 112%. ಈಗ ಕೊನೆಯನ್ನು ಕಂಡವರನ್ನು ಎಣಿಸಿ: 250, 150 ಮತ್ತು 50, ಒಟ್ಟು 450 ಮಂದಿ. ಅಂದರೆ ವಿಡಿಯೋವನ್ನು ಪೂರ್ತಿ ನೋಡಿದವರು 45% ಮಾತ್ರ. ಉಳಿದ 55% ಮಂದಿಗೆ ಗಂಟು ಬಿಗಿಯಾದದ್ದು ಕಾಣಲೇ ಇಲ್ಲ. ಕೊನೆಯ ಸಾಲಿನ ಐವತ್ತು ಮಂದಿ ಸಂಖ್ಯೆಯಲ್ಲಿ ನೂರಕ್ಕೆ ಐದಾದರೂ ಒಟ್ಟು ಸಮಯದ 23% ಭಾಗ ಅವರದೇ. ಅವರನ್ನು ಲೆಕ್ಕದಿಂದ ತೆಗೆದರೆ ಉಳಿದ 950 ಮಂದಿಯ ಸರಾಸರಿ 7.26 ಸೆಕೆಂಡಿಗೆ, ಅಂದರೆ 91%ಗೆ ಇಳಿಯುತ್ತದೆ. ನೂರನ್ನು ದಾಟಿಸಿದ್ದು ಬಹುಪಾಲು ವೀಕ್ಷಕರಲ್ಲ, ಒಂದು ಚಿಕ್ಕ ಗುಂಪು.

ಇನ್ನು ಲೂಪ್ ದರ. ಈ ಹೆಸರಿನಲ್ಲಿ ಜನ ಎರಡು ಬೇರೆ ಬೇರೆ ಸಂಗತಿಗಳನ್ನು ಹೇಳುತ್ತಾರೆ, ಹಾಗಾಗಿ ವಾದಕ್ಕೆ ಇಳಿಯುವ ಮುನ್ನ ಯಾವುದೆಂದು ಕೇಳಿಕೊಳ್ಳುವುದು ಒಳ್ಳೆಯದು. ಮೊದಲನೆಯದು, ವ್ಯೂ ಒಂದಕ್ಕೆ ವಿಡಿಯೋ ಎಷ್ಟು ಸಲ ಮರಳಿ ಶುರುವಾಯಿತು ಎಂಬುದು. ನಮ್ಮ ಉದಾಹರಣೆಯಲ್ಲಿ ಮರುಪ್ರಾರಂಭಗಳು 250 + 300 + 250, ಒಟ್ಟು 800. ಆದ್ದರಿಂದ ದರ 0.8. ಎರಡನೆಯದು, ಎರಡನೇ ಸುತ್ತನ್ನೂ ಪೂರ್ತಿ ನೋಡಿದವರ ಪಾಲು: 200 ಮಂದಿ, ಅಂದರೆ 20%. ಇವೆರಡರ ನಡುವಿನ ಅಂತರಕ್ಕೆ ಮುಖ್ಯ ಕಾರಣ ಚೆಲ್ಲಿದ ಸೆಕೆಂಡು. 800 ಮರುಪ್ರಾರಂಭಗಳಲ್ಲಿ 450 ಹಾಗೆ ಚೆಲ್ಲಿದವು, ವೀಕ್ಷಕರು ಹೊರಡುವ ಹಾದಿಯಲ್ಲಿ ಆಕಸ್ಮಿಕವಾಗಿ ಶುರುವಾಗಿ ಒಂದು ಸೆಕೆಂಡಿಗೆ ನಿಂತವು. ಪೂರ್ತಿಯಾಗಿ ಮತ್ತೆ ನೋಡಿದ ಸುತ್ತುಗಳು 350 ಮಾತ್ರ.

## ಮೊದಲ ಹಂತ: ಉದ್ದವನ್ನೂ ಸಮಯವನ್ನೂ ನಿಖರವಾಗಿ ಹಿಡಿಯಿರಿ

ಸ್ಟುಡಿಯೋದಲ್ಲಿ Average view duration 0:08 ಎಂದು ಪೂರ್ಣ ಸೆಕೆಂಡುಗಳಲ್ಲಿ ಕಾಣುತ್ತದೆ. ಹತ್ತು ನಿಮಿಷದ ವಿಡಿಯೋಗೆ ಅರ್ಧ ಸೆಕೆಂಡಿನ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಎಂಟು ಸೆಕೆಂಡಿನ ವಿಡಿಯೋದಲ್ಲಿ ಮಾತ್ರ 7.5 ಎಂದರೆ 94%, 8.5 ಎಂದರೆ 106%. ನೂರರ ಈಚೆಯೋ ಆಚೆಯೋ ಎಂಬುದೇ ಆ ಒಂದು ದುಂಡಗಿನ ಅಂಕಿಯೊಳಗೆ ಮುಚ್ಚಿಹೋಗುತ್ತದೆ. ಆದ್ದರಿಂದ ಸೆಕೆಂಡಿನ ಅಂಕಿಯಿಂದ ಶೇಕಡಾವಾರು ತೆಗೆಯಬೇಡಿ. ಶೇಕಡಾವಾರನ್ನು ನೇರವಾಗಿ ಓದಿಕೊಂಡು, ಅದನ್ನು ವಿಡಿಯೋದ ಉದ್ದದಿಂದ ಗುಣಿಸಿ ಸೆಕೆಂಡು ತೆಗೆಯಿರಿ. ಉದ್ದವನ್ನು ಎಡಿಟಿಂಗ್ ಆ್ಯಪ್‌ನ ಟೈಮ್‌ಲೈನ್‌ನಲ್ಲಿ ದಶಮಾಂಶದ ಸಮೇತ ನೋಡಿಕೊಳ್ಳಿ, ಏಕೆಂದರೆ ಎಂಟು ಎಂದು ಕಾಣುವ ವಿಡಿಯೋ 7.6 ಇರಬಹುದು.

## ಎರಡನೇ ಹಂತ: ಯಾವುದರಿಂದ ಭಾಗಿಸಿದ್ದಾರೆ ಎಂಬುದನ್ನು ಕಂಡುಹಿಡಿಯಿರಿ

ಹೆಚ್ಚಿನವರು ಎಡವುವುದು ಇಲ್ಲಿ. ಮೇಲಿನ ಅದೇ ಸಾವಿರ ಮಂದಿ, ಅದೇ 8950 ಸೆಕೆಂಡುಗಳನ್ನು ಇಟ್ಟುಕೊಂಡೇ ಮೂರು ಬೇರೆ ಉತ್ತರ ಪಡೆಯಬಹುದು. ಪ್ರತಿಯೊಬ್ಬರೂ ಬಿಟ್ಟು ಹೋಗುವವರೆಗೆ ನೋಡಿದ್ದನ್ನೆಲ್ಲ ಸೇರಿಸಿ ಒಂದು ವ್ಯೂ ಎಂದು ಎಣಿಸಿದರೆ 112%. ಎರಡು ಸೆಕೆಂಡಿಗೇ ಸ್ವೈಪ್ ಮಾಡಿ ಹೋದ ಮುನ್ನೂರು ಮಂದಿಯನ್ನು ವ್ಯೂ ಎಂದೇ ಪರಿಗಣಿಸದಿದ್ದರೆ, 8350 ಸೆಕೆಂಡನ್ನು 700ರಿಂದ ಭಾಗಿಸಬೇಕಾಗುತ್ತದೆ, ಆಗ 149%. ಪ್ರತಿ ಮರುಪ್ರಾರಂಭವನ್ನೂ ಹೊಸ ವ್ಯೂ ಎಂದು ಎಣಿಸಿದರೆ ವ್ಯೂಗಳು 1800 ಆಗಿ, ಉತ್ತರ 62%ಗೆ ಕುಸಿಯುತ್ತದೆ. ವೀಕ್ಷಕರ ನಡವಳಿಕೆಯಲ್ಲಿ ಒಂದು ಕೂದಲೆಳೆಯಷ್ಟೂ ಬದಲಾವಣೆಯಿಲ್ಲ. ಬದಲಾದದ್ದು ಛೇದ ಮಾತ್ರ.

ಇದು ಬರೀ ಊಹೆಯ ಮಾತಲ್ಲ. 2025ರ ಮಾರ್ಚ್ 31ರಿಂದ ಯೂಟ್ಯೂಬ್, ಶಾರ್ಟ್ಸ್ ವಿಡಿಯೋ ಶುರುವಾದ ಅಥವಾ ಮರಳಿ ಶುರುವಾದ ಪ್ರತಿ ಸಲವನ್ನೂ, ಕನಿಷ್ಠ ಇಷ್ಟು ಸೆಕೆಂಡು ನೋಡಿರಬೇಕೆಂಬ ನಿಬಂಧನೆಯಿಲ್ಲದೆ, ವ್ಯೂ ಎಂದು ಎಣಿಸುತ್ತಿದೆ. ಹಳೆಯ ರೀತಿಯ ಎಣಿಕೆ Engaged views ಎಂಬ ಹೆಸರಿನಲ್ಲಿ ಪ್ರತ್ಯೇಕವಾಗಿ ಉಳಿದಿದೆ. ಇನ್‌ಸ್ಟಾಗ್ರಾಂ ಕೂಡ ರೀಲ್ಸ್‌ನ ವ್ಯೂ ಎಣಿಕೆಯಲ್ಲಿ ಮರುಪ್ರಾರಂಭಗಳನ್ನು ಸೇರಿಸುತ್ತದೆ. ಹೀಗಿರುವಾಗ ಒಂದು ವೇದಿಕೆಯ ಶೇಕಡಾವಾರನ್ನು ಇನ್ನೊಂದರ ಪಕ್ಕದಲ್ಲಿಟ್ಟು ಹೋಲಿಸುವುದಾಗಲಿ, ಆ ದಿನಾಂಕದ ಹಿಂದಿನ ಮತ್ತು ಮುಂದಿನ ವ್ಯೂ ಸಂಖ್ಯೆಗಳನ್ನು ಒಂದೇ ಗೆರೆಯ ಮೇಲೆ ಬರೆಯುವುದಾಗಲಿ ಸಲ್ಲದು.

ಛೇದ ಯಾವುದೆಂದು ತಿಳಿಯಲು ಯಾರನ್ನೂ ಕೇಳಬೇಕಾಗಿಲ್ಲ. ಲೆಕ್ಕವನ್ನು ಹಿಂದಕ್ಕೆ ಓಡಿಸಿದರೆ ಸಾಕು.

```
ಛೇದ = Watch time (hours) × 3600 ÷ (ಉದ್ದ × ಶೇಕಡಾವಾರು ÷ 100)
```

ನಮ್ಮ ವಿಡಿಯೋದ ಒಟ್ಟು ಸಮಯ 2.486 ಗಂಟೆ, ಪರದೆಯ ಮೇಲೆ ಅದು 2.5 ಎಂದು ಕಾಣಬಹುದು. 2.5 × 3600 ಎಂದರೆ 9000 ಸೆಕೆಂಡು. ಅದನ್ನು 8 × 1.119ರಿಂದ, ಅಂದರೆ 8.952ರಿಂದ ಭಾಗಿಸಿದರೆ 1005 ಬರುತ್ತದೆ. ಈ ಸಂಖ್ಯೆಯನ್ನು Views ಮತ್ತು Engaged views ಅಂಕಣಗಳ ಜೊತೆ ಹೋಲಿಸಿ. ಯಾವುದಕ್ಕೆ ಹತ್ತಿರವಿದೆಯೋ ಅದೇ ಛೇದ. ಗಂಟೆಯನ್ನು ದುಂಡು ಮಾಡಿದ್ದರಿಂದ ನೂರಕ್ಕೆ ಎರಡರಷ್ಟು ವ್ಯತ್ಯಾಸ ಬರುವುದು ಸಹಜ. ಒಟ್ಟು ಸಮಯ ಅರ್ಧ ಗಂಟೆಗಿಂತ ಕಡಿಮೆಯಿದ್ದರೆ ಈ ವ್ಯತ್ಯಾಸ ಹತ್ತಕ್ಕೂ ಏರಬಹುದಾದ್ದರಿಂದ, ಇನ್ನಷ್ಟು ವ್ಯೂಗಳು ಬರುವವರೆಗೆ ಕಾಯುವುದು ಮೇಲು.

## ಮೂರನೇ ಹಂತ: ರಿಟೆನ್ಶನ್ ಗ್ರಾಫಿನ ಎರಡು ತುದಿಗಳನ್ನು ಓದಿರಿ

ಸರಾಸರಿ ಮುಚ್ಚಿಟ್ಟದ್ದನ್ನು ಸ್ವಲ್ಪಮಟ್ಟಿಗೆ ಬಿಚ್ಚಿಡುವುದು ರಿಟೆನ್ಶನ್ ಗ್ರಾಫ್. ಅದರ ಪ್ರತಿ ಬಿಂದು, ವಿಡಿಯೋದ ಆ ಭಾಗ ಎಷ್ಟು ಸಲ ನೋಡಲ್ಪಟ್ಟಿತು ಎಂಬುದನ್ನು ಒಟ್ಟು ವ್ಯೂಗಳಿಂದ ಭಾಗಿಸಿದ ಫಲ. ಒಬ್ಬರೇ ಅದೇ ಭಾಗವನ್ನು ಮೂರು ಸಲ ನೋಡಿದರೆ ಮೂರು ಸಲವೂ ಎಣಿಕೆಯಾಗುತ್ತದೆ. ಆದ್ದರಿಂದ ಗ್ರಾಫ್ ಕೂಡ ನೂರನ್ನು ದಾಟಬಲ್ಲದು. ಯೂಟ್ಯೂಬ್‌ನ ಅನಾಲಿಟಿಕ್ಸ್ ಎಪಿಐ ಬಳಸುವವರಿಗೆ ಇದೇ ಅಂಕಿ `audienceWatchRatio` ಎಂಬ ಹೆಸರಿನಲ್ಲಿ ಸಿಗುತ್ತದೆ. ವಿಡಿಯೋ ಎಷ್ಟೇ ಉದ್ದವಿರಲಿ, ಅದನ್ನು ನೂರು ಬಿಂದುಗಳಾಗಿ ಕೊಡುತ್ತಾರೆ.

ನಮ್ಮ ಉದಾಹರಣೆಯ ಗ್ರಾಫನ್ನು ಕೈಯಿಂದಲೇ ಬರೆಯೋಣ. ಮೊದಲ ಸೆಕೆಂಡು ಸಾವಿರ ಮಂದಿಯ ಮೊದಲ ನೋಟದಲ್ಲಿಯೂ 800 ಮರುಪ್ರಾರಂಭಗಳಲ್ಲಿಯೂ ಓಡಿದೆ: 180%. ಎರಡನೇ ಸೆಕೆಂಡಿಗೆ ಬರುವಷ್ಟರಲ್ಲಿ ಚೆಲ್ಲಿದ 450 ಉದುರಿ 135% ಉಳಿಯುತ್ತದೆ. ಮೂರರಿಂದ ಆರನೇ ಸೆಕೆಂಡಿನವರೆಗೆ, ಸ್ವೈಪ್ ಮಾಡಿದ 300 ಕಳೆದು 105%. ಕೊನೆಯ ಎರಡು ಸೆಕೆಂಡುಗಳಲ್ಲಿ 80%. ಈ ಎಂಟು ಸೆಕೆಂಡುಗಳ ಸರಾಸರಿ ತೆಗೆದರೆ ಮತ್ತೆ ಅದೇ 112% ಬರುತ್ತದೆ. ಬೇಕಿದ್ದರೆ ಕೂಡಿಸಿ ನೋಡಿ.

ಇದರಿಂದ ಮೂರು ಸಂಗತಿಗಳನ್ನು ಓದಬಹುದು. ಆರಂಭದ ಅಂಕಿಯಿಂದ ನೂರನ್ನು ಕಳೆದರೆ ವ್ಯೂ ಒಂದಕ್ಕೆ ಆದ ಮರುಪ್ರಾರಂಭಗಳು ಸಿಗುತ್ತವೆ: 180ರಿಂದ ನೂರು ಕಳೆದು 80, ಅಂದರೆ 0.8. ವಿಡಿಯೋ ಮುಗಿದ ಪ್ರತಿ ಸಲವೂ ತಾನಾಗಿ ಮರಳಿ ಶುರುವಾಗುವುದರಿಂದ ಕೊನೆಯ ಅಂಕಿಯೂ ಅಷ್ಟೇ ಇರಬೇಕು, ಇದೆ. ಆದ್ದರಿಂದ ಆರಂಭಕ್ಕೂ ಕೊನೆಗೂ ಇರುವ ಅಂತರ ಸುಮಾರು ನೂರು ಬಂದರೆ, ಮರುಸುತ್ತುಗಳು ಅದೇ ವ್ಯೂನೊಳಗೆ ಸೇರಿವೆ ಎಂದು ಅರ್ಥ. ಗ್ರಾಫ್ ನೂರರಿಂದಲೇ ಶುರುವಾಗಿ, ಅಂತರ ನೂರಕ್ಕಿಂತ ಬಹಳ ಕಡಿಮೆಯಿದ್ದರೆ, ಮರುಪ್ರಾರಂಭಗಳನ್ನು ಹೊಸ ವ್ಯೂ ಎಂದು ಎಣಿಸಿರಬೇಕು; ನಮ್ಮ ವಿಡಿಯೋವನ್ನು ಹಾಗೆ ಎಣಿಸಿದರೆ ಗ್ರಾಫ್ 100ರಿಂದ 44ಕ್ಕೆ ಇಳಿಯುತ್ತದೆ. ಇದು ಎರಡನೇ ಹಂತದ ಉತ್ತರವನ್ನು ತಾಳೆ ನೋಡುವ ಇನ್ನೊಂದು ದಾರಿ. ಪರದೆಯ ಗೆರೆ ಸ್ವಲ್ಪ ನಯಗೊಂಡಿರುವುದರಿಂದ ಐದು ಹತ್ತರ ಹೆಚ್ಚುಕಡಿಮೆಗೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಎರಡನೆಯದು, ಕೊನೆಯ 80% ಎಂಬುದು ಪೂರ್ತಿ ನೋಡಿದ ಮಂದಿಯ ಪಾಲಲ್ಲ. ಅದು ಮುಗಿದ ಸುತ್ತುಗಳ ಎಣಿಕೆ. ನಿಜವಾದ ಪಾಲು ಅದಕ್ಕಿಂತ ಹೆಚ್ಚಿರಲಾರದು ಎಂದು ಹೇಳಬಹುದೇ ಹೊರತು, ಅದು 45 ಎಂಬುದನ್ನು ಈ ಗ್ರಾಫಿನಿಂದ ತೆಗೆಯಲಾಗದು. ಟಿಕ್‌ಟಾಕ್‌ನ ಅನಾಲಿಟಿಕ್ಸ್ ಪೂರ್ತಿ ನೋಡಿದವರ ಪಾಲನ್ನು Watched full video ಎಂದು ಸರಾಸರಿ ಸಮಯದ ಪಕ್ಕದಲ್ಲಿಯೇ ಪ್ರತ್ಯೇಕವಾಗಿ ಕೊಡುತ್ತದೆ. ಅಲ್ಲಿ ಪೂರ್ತಿ ನೋಡಿದವರು 45%, ಸರಾಸರಿ ಸಮಯ ವಿಡಿಯೋದ ಉದ್ದಕ್ಕಿಂತ ಹೆಚ್ಚು ಎಂದು ಒಟ್ಟಿಗೆ ಕಂಡರೆ ಗಾಬರಿಯಾಗಬೇಕಿಲ್ಲ. ಎರಡಕ್ಕೂ ವಿರೋಧವಿಲ್ಲ ಎಂಬುದು ಮೇಲಿನ ಕೋಷ್ಟಕದಲ್ಲಿಯೇ ಇದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. 180ರಿಂದ 105ಕ್ಕೆ ಬಿದ್ದ ಆರಂಭದ ಕಡಿದಾದ ಇಳಿಜಾರನ್ನು ನೋಡಿ, ಮೊದಲ ಎರಡು ಸೆಕೆಂಡು ಜನರನ್ನು ಹಿಡಿಯಲಿಲ್ಲ ಎಂದು ತೀರ್ಮಾನಿಸಿ ಒಳ್ಳೆಯ ಆರಂಭವನ್ನೇ ಕತ್ತರಿಸಿ ಎಸೆದವರಿದ್ದಾರೆ. ನಾನೂ ಒಮ್ಮೆ ಹಾಗೆ ಮಾಡಿದ್ದೇನೆ. ಆ 75ರ ಇಳಿತದಲ್ಲಿ 45 ಬಂದದ್ದು ವಿಡಿಯೋವನ್ನು ಪೂರ್ತಿ ನೋಡಿ ಹೊರಟವರ ಚೆಲ್ಲಿದ ಸೆಕೆಂಡಿನಿಂದ, 30 ಮಾತ್ರ ಹೊಸಬರು ಬಿಟ್ಟು ಹೋದದ್ದರಿಂದ. ಲೂಪ್ ಆಗುವ ವಿಡಿಯೋದಲ್ಲಿ ಹೊರಡುವವರ ಬಾಗಿಲೂ ಒಳಬರುವವರ ಬಾಗಿಲೂ ಒಂದೇ ಜಾಗದಲ್ಲಿದೆ. ಆರಂಭ ಜನರನ್ನು ಹಿಡಿಯಿತೇ ಎಂಬುದನ್ನು ಗ್ರಾಫಿನಿಂದ ಅಲ್ಲ, ನೋಡಲು ನಿಂತವರನ್ನೂ ಸ್ವೈಪ್ ಮಾಡಿ ಹೋದವರನ್ನೂ ಬೇರೆಯಾಗಿ ತೋರಿಸುವ Viewed vs. swiped away ಅಂಕಿಯಿಂದ ತಿಳಿಯಬೇಕು.

## ನಾಲ್ಕನೇ ಹಂತ: ಸಮಾನ ಉದ್ದದವುಗಳನ್ನೇ ಹೋಲಿಸಿರಿ

ಆರು ಸೆಕೆಂಡಿನ ವಿಡಿಯೋದ 120% ಎಂದರೆ 7.2 ಸೆಕೆಂಡು, ಮೂವತ್ತು ಸೆಕೆಂಡಿನ ವಿಡಿಯೋದ 75% ಎಂದರೆ 22.5 ಸೆಕೆಂಡು. ಶೇಕಡಾವಾರಿನ ಪ್ರಕಾರ ಪಟ್ಟಿ ಮಾಡಿದರೆ ಮೊದಲನೆಯದು ಮೇಲೆ ಕೂರುತ್ತದೆ, ಸಮಯದ ಪ್ರಕಾರ ಮಾಡಿದರೆ ಎರಡನೆಯದು. ಹತ್ತು ಸೆಕೆಂಡಿನೊಳಗಿನವು ಒಂದು ಗುಂಪು, ಹತ್ತರಿಂದ ಇಪ್ಪತ್ತು ಇನ್ನೊಂದು ಎಂದು ನಿಮ್ಮ ವಿಡಿಯೋಗಳನ್ನೇ ಬೇರ್ಪಡಿಸಿ, ಪ್ರತಿ ಗುಂಪಿನ ಶೇಕಡಾವಾರುಗಳನ್ನು ಏರಿಕೆಯ ಕ್ರಮದಲ್ಲಿ ಬರೆದಾಗ ನಟ್ಟನಡುವೆ ಬರುವ ಅಂಕಿಯನ್ನು ಗುರುತಿಸಿಕೊಳ್ಳಿ. ಹೊಸ ವಿಡಿಯೋವನ್ನು ಆ ಅಂಕಿಯೊಂದಿಗೆ ಮಾತ್ರ ಹೋಲಿಸಿ. ಇಂತಿಷ್ಟು ಶೇಕಡಾ ಬಂದರೆ ಒಳ್ಳೆಯದು ಎಂದು ಅಲ್ಲಲ್ಲಿ ಸಿಗುವ ಸೂತ್ರಗಳು ಉದ್ದವನ್ನು ಹೇಳದೆ ಹೇಳಿದರೆ ಅವಕ್ಕೆ ಅರ್ಥವಿಲ್ಲ. 2024ರ ಅಕ್ಟೋಬರ್ 15ರಿಂದ ಶಾರ್ಟ್ಸ್ ಮೂರು ನಿಮಿಷದವರೆಗೆ ಇರಬಹುದು. ಆರು ಸೆಕೆಂಡಿಗೂ ಮೂರು ನಿಮಿಷಕ್ಕೂ ಒಂದೇ ಅಳತೆಗೋಲು ಹೊಂದುವುದಿಲ್ಲ. ಒಂದು ನಿಮಿಷ ದಾಟಿದ ವಿಡಿಯೋ ನೂರಕ್ಕಿಂತ ಹೆಚ್ಚು ತೋರಿಸಿದರೆ ಅದನ್ನು ಸಹಜವೆಂದು ಬಿಡದೆ ಮುಂದಿನ ಹಂತದಲ್ಲಿ ಪರಿಶೀಲಿಸಬೇಕು.

## ಐದನೇ ಹಂತ: ಕಡಿಮೆ ವ್ಯೂಗಳನ್ನು ನಂಬದಿರಿ

ಎಂಟು ಸೆಕೆಂಡಿನ ವಿಡಿಯೋಗೆ ನಲವತ್ತು ವ್ಯೂಗಳು ಬಂದಿವೆ, ಅವರಲ್ಲಿ ಒಬ್ಬರು ಫೋನನ್ನು ಮೇಜಿನ ಮೇಲೆ ಹಾಗೆಯೇ ಬಿಟ್ಟು ನಾಲ್ಕು ನಿಮಿಷ ಬೇರೆ ಕೆಲಸಕ್ಕೆ ಹೋದರು ಎಂದುಕೊಳ್ಳಿ. ವಿಡಿಯೋ ಮೂವತ್ತು ಸುತ್ತು ಸುತ್ತಿ 240 ಸೆಕೆಂಡು ಕೂಡಿಕೊಳ್ಳುತ್ತದೆ. ನಲವತ್ತರಿಂದ ಭಾಗಿಸಿದರೆ ತಲಾ 6 ಸೆಕೆಂಡು. ಅಂದರೆ ಅವರೊಬ್ಬರಿಂದಲೇ ಸರಾಸರಿಗೆ 75 ಶೇಕಡಾ ಅಂಶಗಳು ಸೇರುತ್ತವೆ. ಸಾವಿರ ವ್ಯೂಗಳಿದ್ದಾಗ ಅದೇ ವ್ಯಕ್ತಿಯ ಪಾಲು ಕೇವಲ 3 ಅಂಶ. ಹಾಗಾಗಿ ಮೊದಲ ದಿನದ 160% ಮೂರನೇ ದಿನಕ್ಕೆ 105% ಆದರೆ ವಿಡಿಯೋ ಕೆಟ್ಟಿತು ಎನ್ನಲಾಗದು. ಆರಂಭದ ವ್ಯೂಗಳಲ್ಲಿ ನೀವೇ ಪರೀಕ್ಷಿಸಿ ನೋಡಿದವೂ ಪರಿಚಯದವರು ನೋಡಿದವೂ ಇರಬಹುದು. ವೀಕ್ಷಣೆಯ ಮೂಲಗಳ ಪಟ್ಟಿಯಲ್ಲಿ ಶಾರ್ಟ್ಸ್ ಫೀಡ್‌ನಿಂದ ಬಂದವನ್ನಷ್ಟೇ ಆರಿಸಿಕೊಂಡು ನೋಡಿದರೆ ಚಿತ್ರ ಸ್ವಲ್ಪ ತಿಳಿಯಾಗುತ್ತದೆ.

## ಆರನೇ ಹಂತ: ಮರಳಿ ನೋಡಿದ ಕಾರಣವನ್ನು ಹುಡುಕಿರಿ

ಗಂಟು ಹಾಕುವ ವಿಡಿಯೋವನ್ನು ಹಗ್ಗ ಕೈಯಲ್ಲಿ ಹಿಡಿದು ಐದು ಸಲ ನೋಡುವವರು ಇರುತ್ತಾರೆ. ಅದು ಬೇಕಾದ ಲೂಪ್. ಕೊನೆಯ ಚೌಕಟ್ಟನ್ನು ಮೊದಲ ಚೌಕಟ್ಟಿಗೆ ಹೊಲಿಗೆ ಕಾಣದಂತೆ ಜೋಡಿಸಿದಾಗ, ಮುಗಿದದ್ದು ಗೊತ್ತಾಗದೆ ಚೆಲ್ಲಿದ ಸೆಕೆಂಡು ಎರಡು ಮೂರಕ್ಕೆ ಏರುತ್ತದೆ. ಅದರಲ್ಲಿ ಲಾಭವೂ ಇಲ್ಲ, ಅಪರಾಧವೂ ಇಲ್ಲ. ಮೂರನೆಯ ಬಗೆ ಮಾತ್ರ ದೋಷ: ಪರದೆಯ ಮೇಲಿನ ಬರಹ ಓದಿ ಮುಗಿಯುವ ಮೊದಲೇ ಮಾಯವಾಗುವುದರಿಂದ ಜನ ಅನಿವಾರ್ಯವಾಗಿ ಇನ್ನೊಂದು ಸುತ್ತು ಕಾಯುವುದು. ಮೂರೂ ಸರಾಸರಿಯಲ್ಲಿ ಒಂದೇ ರೀತಿ ಕಾಣುತ್ತವೆ.

ಬೇರ್ಪಡಿಸಲು ಗ್ರಾಫಿನ ನಡುಭಾಗವನ್ನು ನೋಡಿ. ಹೊಲಿಗೆ ಕಾಣದ ಲೂಪ್‌ನಲ್ಲಿ ಆರಂಭದ ಎತ್ತರ ಕೆಲವೇ ಸೆಕೆಂಡುಗಳಲ್ಲಿ ಕರಗಿಹೋಗುತ್ತದೆ. ನಿಜವಾಗಿ ಮತ್ತೆ ನೋಡುತ್ತಿದ್ದರೆ ನಡುವೆಯೂ ಗೆರೆ ಎತ್ತರದಲ್ಲಿಯೇ ಉಳಿಯುತ್ತದೆ. ಬರಹ ಅವಸರದಲ್ಲಿ ಹೋಗುತ್ತಿದ್ದರೆ, ಬರಹ ಕಾಣುವ ಕ್ಷಣದವರೆಗೆ ಗೆರೆ ಹೆಚ್ಚುಕಡಿಮೆ ಸಮವಾಗಿದ್ದು, ಬರಹ ಮರೆಯಾದ ಕೂಡಲೇ ಕೆಳಕ್ಕೆ ಬೀಳುತ್ತದೆ, ಏಕೆಂದರೆ ಎರಡನೇ ಸುತ್ತಿಗೆ ಬಂದವರು ಓದಿ ಮುಗಿಸಿ ಅಲ್ಲಿಂದಲೇ ಎದ್ದು ಹೋಗುತ್ತಾರೆ. ‘ಏನು ಬರೆದಿತ್ತು’ ಎಂಬ ಧಾಟಿಯ ಕಾಮೆಂಟುಗಳು ಬಂದರೆ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ.

ಅಂಥ ಸಂದರ್ಭದಲ್ಲಿ ಮುಂದಿನ ವಿಡಿಯೋದಲ್ಲಿ ಬೇರೇನನ್ನೂ ಬದಲಿಸದೆ, ಬರಹವನ್ನು ನೀವು ನಿಧಾನವಾಗಿ ಎರಡು ಸಲ ಓದಿ ಮುಗಿಸುವಷ್ಟು ಹೊತ್ತು ನಿಲ್ಲಿಸಿ. ವಿಡಿಯೋ ಎಂಟರಿಂದ ಹತ್ತು ಸೆಕೆಂಡಿಗೆ ಬೆಳೆದು, ಶೇಕಡಾವಾರು 112ರಿಂದ 95ಕ್ಕೆ ಇಳಿಯಬಹುದು. ಸೆಕೆಂಡಿನಲ್ಲಿ ಅದು 8.95ರಿಂದ 9.5ಕ್ಕೆ ಏರಿಕೆ. ಇಳಿದ ಶೇಕಡಾವಾರಿಗೆ ಹೆದರಿ ಹಳೆಯ ಅವಸರದ ಬರಹಕ್ಕೆ ಮರಳುವ ಮುನ್ನ, ವ್ಯೂಗಳಿಗೆ ಹೋಲಿಸಿದಾಗ ಹಂಚಿಕೊಂಡವರೂ ಹೊಸ ಚಂದಾದಾರರೂ ಎಷ್ಟು ಎಂಬುದನ್ನು ಎರಡೂ ವಿಡಿಯೋಗಳಿಗೆ ಪಕ್ಕಪಕ್ಕದಲ್ಲಿ ಬರೆದು ನೋಡಿ.